ಖಾತೆಯ ಮಿತಿಯೂ ಕಣ್ಣಿಗೆ ಬೀಳದ ಕಡತಗಳೂ

ಕಾಲೇಜಿನ ಪ್ರಯೋಗಶಾಲೆಯಲ್ಲಿ ನೂರಾರು ವಿದ್ಯಾರ್ಥಿಗಳು ಒಂದೇ ಡಿಸ್ಕನ್ನು ಹಂಚಿಕೊಳ್ಳುವಾಗ, ಒಬ್ಬರೇ ಅದನ್ನೆಲ್ಲ ತುಂಬಿಬಿಡದಂತೆ ಪ್ರತಿಯೊಬ್ಬರಿಗೂ ಒಂದು ಮಿತಿಯನ್ನು ವಿಧಿಸಿರುತ್ತಾರೆ. ಇದಕ್ಕೆ ಕೋಟಾ ಎಂದು ಹೆಸರು. ಮಿತಿಯನ್ನು ಮುಟ್ಟಿದೊಡನೆ `Disk quota exceeded` ಎಂಬ ಸಂದೇಶ ಬರುತ್ತದೆ. ಆಗ ಬರೆಯುತ್ತಿದ್ದ ಪ್ರಯೋಗದ ವರದಿಯು ಅರ್ಧಕ್ಕೇ ನಿಂತುಹೋಗಬಹುದು.

ಲಿನಕ್ಸ್ ಗಣಕವೊಂದರಲ್ಲಿ ಒಬ್ಬ ವಿದ್ಯಾರ್ಥಿನಿಗೆ 1000 ಮೆಗಾಬೈಟುಗಳ ಮಿತಿಯಿದೆಯೆಂದು ಭಾವಿಸೋಣ. ಅವಳು ತನ್ನ ಖಾತೆಯಲ್ಲಿ ಈ ಆಜ್ಞೆಗಳನ್ನು ಕೊಡುತ್ತಾಳೆ:

```
quota -s
du -sh *
du -sh ~
```

ಮೊದಲನೆಯದು, 1000 ಮೆಗಾಬೈಟೂ ಮುಗಿದಿದೆ ಎನ್ನುತ್ತದೆ. ಎರಡನೆಯದು ತೋರಿಸುವ ಕಡತಗಳನ್ನೆಲ್ಲ ಕೂಡಿದರೆ ಬರುವುದು 300 ಮಾತ್ರ. ಮೂರನೆಯದು 900 ಎನ್ನುತ್ತದೆ. ಈ ಮೂರರಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದು ಎಣಿಸುವುದು ಒಂದೊಂದನ್ನು.

ಚುಕ್ಕೆಯಿಂದ ಆರಂಭವಾಗುವ ಹೆಸರುಗಳನ್ನು `*` ಚಿಹ್ನೆಯು ಬಿಟ್ಟುಬಿಡುತ್ತದೆ. ಹಾಗೆ ಅಡಗಿದ 600 ಮೆಗಾಬೈಟುಗಳನ್ನು `du -sh .[!.]*` ಎಂಬ ಆಜ್ಞೆಯಿಂದ ಕಾಣಬಹುದು. ಅದರಲ್ಲಿ 400, ಬ್ರೌಸರು ತನ್ನ ಅನುಕೂಲಕ್ಕಾಗಿ `.cache` ಫೋಲ್ಡರಿನಲ್ಲಿ ಕೂಡಿಟ್ಟದ್ದು. ಬ್ರೌಸರನ್ನು ಮುಚ್ಚಿ ಇದನ್ನು ಅಳಿಸಬಹುದು. ಉಳಿದ 200, ಅವಳು ಅಳಿಸಿದೆನೆಂದು ನಂಬಿದ್ದ ಕಡತಗಳು. ಅವು `.local/share/Trash` ಎಂಬ ಕಸದ ಬುಟ್ಟಿಗೆ ಸೇರಿವೆಯೇ ಹೊರತು ಡಿಸ್ಕನ್ನು ಬಿಟ್ಟು ಹೋಗಿಲ್ಲ. ಬುಟ್ಟಿಯನ್ನು ಬರಿದುಮಾಡಿದಲ್ಲದೆ ಜಾಗ ಬಿಡುವಾಗದು.

ಇನ್ನೂ 100 ಮೆಗಾಬೈಟುಗಳ ಲೆಕ್ಕ ಉಳಿಯಿತು. ಇಲ್ಲಿಯೇ ಮುಖ್ಯ ತತ್ತ್ವವಿರುವುದು. ಬಳಕೆದಾರರ ಕೋಟಾ ಎಣಿಸುವುದು ಕಡತವು ಎಲ್ಲಿದೆಯೆಂಬುದನ್ನಲ್ಲ, ಅದರ ಒಡೆಯರು ಯಾರೆಂಬುದನ್ನು. ಕಳೆದ ವರ್ಷ ಸಹಪಾಠಿಗಳ ಸಾಮಾನ್ಯ ಫೋಲ್ಡರಿನಲ್ಲಿ ಅವಳು ಇಟ್ಟಿದ್ದ ಚಲಚ್ಚಿತ್ರವೂ, ಆ ಫೋಲ್ಡರು ಅದೇ ಡಿಸ್ಕಿನಲ್ಲಿದ್ದರೆ, ಅವಳ ಹೆಸರಿಗೇ ಬೀಳುತ್ತದೆ. ಅಂತಹವನ್ನು ಹುಡುಕುವ ಬಗೆ ಹೀಗೆ:

```
find /home -xdev -user $USER -size +10M 2>/dev/null
```

ಇದು `/home` ಒಳಗೆ, ಅದೇ ಡಿಸ್ಕಿನಲ್ಲಿರುವ, ಅವಳಿಗೆ ಸೇರಿದ, 10 ಮೆಗಾಬೈಟಿಗಿಂತ ದೊಡ್ಡದಾದ ಕಡತಗಳನ್ನು ಪಟ್ಟಿಮಾಡುತ್ತದೆ. ತೆರೆಯಲು ಅವಳಿಗೆ ಅನುಮತಿಯಿಲ್ಲದ ಫೋಲ್ಡರುಗಳ ಒಳಗನ್ನು ಮಾತ್ರ ಅದು ನೋಡಲಾರದು. ಪಟ್ಟಿಯಲ್ಲಿ ತನ್ನ ಫೋಲ್ಡರಿನ ಹೊರಗಿರುವ ಸಾಲುಗಳನ್ನು ಅವಳು ಗಮನಿಸಬೇಕು.

ಆ ಚಲಚ್ಚಿತ್ರ ಗೆಳತಿಗೆ ಇನ್ನೂ ಬೇಕಾಗಿದ್ದರೆ? ಒಡೆತನವನ್ನು ಬದಲಿಸುವ ಅಧಿಕಾರ ಸಾಮಾನ್ಯವಾಗಿ ವ್ಯವಸ್ಥಾಪಕರಿಗೆ ಮಾತ್ರ. ಆದರೆ ಗೆಳತಿಯು ಅದರ ಪ್ರತಿ ಮಾಡಿಕೊಂಡರೆ ಆ ಪ್ರತಿಯು ಗೆಳತಿಯ ಲೆಕ್ಕಕ್ಕೆ ಸೇರುತ್ತದೆ. ಬಳಿಕ ಮೂಲವನ್ನು ಅಳಿಸಬಹುದು. ಕೆಲವು ಸಂಸ್ಥೆಗಳು ಮಿತಿಯನ್ನು ಒಡೆಯರ ಬದಲು ಫೋಲ್ಡರಿಗೇ ವಿಧಿಸುವುದುಂಟು. ಅಲ್ಲಿ ಫೋಲ್ಡರಿನೊಳಗೆ ಯಾರು ಇಟ್ಟದ್ದಾದರೂ ಎಣಿಕೆಗೆ ಬರುತ್ತದೆ. ಆದುದರಿಂದ ಹುಡುಕಲು ಹೊರಡುವ ಮುನ್ನ, ತಮ್ಮಲ್ಲಿರುವುದು ಯಾವ ಬಗೆಯ ಮಿತಿಯೆಂದು ಕೇಳಿ ತಿಳಿಯುವುದು ಲೇಸು.