ಮೂರು ಕೂಡಿಸಿದರೆ ನಾಲ್ಕು ಬರುತ್ತಿದೆಯೇ? 13ನೇ ಪಿನ್ ನೋಡಿ

ಬಿಸಿಡಿಯನ್ನು ಎಕ್ಸೆಸ್-3ಕ್ಕೆ ಬದಲಿಸುವ ಸರ್ಕಿಟ್ ವಿಟಿಯು ಲಾಜಿಕ್ ಲ್ಯಾಬ್‌ನ ಹಳೆಯ ಪರಿಚಯ. ದೇವದುರ್ಗ, ಮಾನ್ವಿಯಿಂದ ಬಂದು ರಾಯಚೂರಿನಲ್ಲಿ ಎಂಜಿನಿಯರಿಂಗ್ ಓದುವವರು ಲ್ಯಾಬ್ ದಿನಕ್ಕೆ ಕಾಯದೆ ಇದನ್ನು ಮನೆಯಲ್ಲೇ ಜೋಡಿಸಿ ನೋಡಬಹುದು. ಗೇಟ್‌ಗಳ ರಾಶಿ ಬೇಕಿಲ್ಲ. 7483 ಎಂಬ ನಾಲ್ಕು ಬಿಟ್ ಆಡರ್ ಒಂದೇ ಸಾಕು, ಏಕೆಂದರೆ ಎಕ್ಸೆಸ್-3 ಎಂದರೆ ಬಿಸಿಡಿ ಅಂಕಿಗೆ ಮೂರು ಕೂಡಿಸಿದ್ದು, ಅಷ್ಟೇ.

ಮೊದಲು ಸಪ್ಲೈ. 16 ಪಿನ್ ಐಸಿ ಎಂದೊಡನೆ ಕೈ ತಾನಾಗಿಯೇ 16 ಮತ್ತು 8ನೇ ಪಿನ್‌ಗೆ ಹೋಗುತ್ತದೆ. 7483ರಲ್ಲಿ ಹಾಗಲ್ಲ: 5 ವೋಲ್ಟ್ 5ನೇ ಪಿನ್‌ಗೆ, ಗ್ರೌಂಡ್ 12ಕ್ಕೆ. ಅಂಗಡಿಯವರು ಬದಲಿಗೆ 74283 ಕೊಟ್ಟರೆ ಕೆಲಸ ಅದೇ, ಪಿನ್‌ಗಳು ಮಾತ್ರ ಬೇರೆ. ಅದರಲ್ಲಿ ಸಪ್ಲೈ 16 ಮತ್ತು 8ಕ್ಕೇ ಬರುತ್ತದೆ. ಮುಂದೆ ಹೇಳುವ ಸಂಖ್ಯೆಗಳೆಲ್ಲ 7483ರವು.

ಬಿಸಿಡಿ ಅಂಕಿಯನ್ನು ದೊಡ್ಡ ಬಿಟ್‌ನಿಂದ ಶುರುಮಾಡಿ 1, 3, 8, 10ನೇ ಪಿನ್‌ಗಳಿಗೆ ಕೊಡಿ. ಕೂಡಿಸಬೇಕಾದ ಸ್ಥಿರ ಸಂಖ್ಯೆ ಅದೇ ಕ್ರಮದಲ್ಲಿ 16, 4, 7, 11ಕ್ಕೆ ಹೋಗಬೇಕು. ಮೂರು ಎಂದರೆ 0011, ಹಾಗಾಗಿ 16 ಮತ್ತು 4 ಗ್ರೌಂಡ್‌ಗೆ, 7 ಮತ್ತು 11 ಐದು ವೋಲ್ಟ್‌ಗೆ. ಒಳಬರುವ ಕ್ಯಾರಿಯ 13ನೇ ಪಿನ್ ಗ್ರೌಂಡ್‌ಗೆ. ಉತ್ತರ 15, 2, 6, 9ರಲ್ಲಿ ಸಿಗುತ್ತದೆ. ಐದನ್ನು ಕೊಟ್ಟು ನೋಡಿ:

```
0101 + 0011 = 1000
```

ಹೆಚ್ಚಿನವರು ಎಡವುವುದು 13ನೇ ಪಿನ್‌ನಲ್ಲಿ. ಟಿಟಿಎಲ್ ಐಸಿಯಲ್ಲಿ ಖಾಲಿ ಬಿಟ್ಟ ಇನ್‌ಪುಟ್ ಸಾಮಾನ್ಯವಾಗಿ 1 ಎಂದೇ ಲೆಕ್ಕಕ್ಕೆ ಬರುತ್ತದೆ. ಆಗ ಮೂರರ ಬದಲು ನಾಲ್ಕು ಕೂಡುತ್ತದೆ. ಸೊನ್ನೆ ಕೊಟ್ಟಾಗ 0011 ಬರುವಲ್ಲಿ 0100 ಬಂದರೆ ಕಾರಣ ಇದೇ ಇರಬಹುದು, ಮೊದಲು ಆ ವೈರ್ ನೋಡಿ. ಸಿಮಾಸ್ ಐಸಿಯಾದರೆ ಖಾಲಿ ಪಿನ್ ಏನು ಹೇಳುತ್ತದೋ ಭರವಸೆಯೇ ಇಲ್ಲ.

ಇನ್ನೊಂದು ಸಂಗತಿ: ಬರೀ 3 ಮತ್ತು 6 ಕೊಟ್ಟು ಪರೀಕ್ಷಿಸಬೇಡಿ. ಅವುಗಳ ಉತ್ತರ 0110 ಮತ್ತು 1001, ಎರಡೂ ಯಾವ ಕಡೆಯಿಂದ ಓದಿದರೂ ಒಂದೇ. ಎಲ್‌ಇಡಿ ಸಾಲು ತಿರುವುಮುರುವಾಗಿದ್ದರೂ ಗೊತ್ತಾಗುವುದಿಲ್ಲ. 0 ಮತ್ತು 9 ಕೊಡಿ, 0011 ಮತ್ತು 1100 ಬರಬೇಕು.

ವಾಪಸ್ ಬಿಸಿಡಿಗೆ ಬರಲು ಮೂರು ಕಳೆಯಬೇಕು. ಕಳೆಯುವ ಐಸಿ ಹುಡುಕಬೇಡಿ, 1101 ಕೂಡಿಸಿ. ಅಂದರೆ 7ನೇ ಪಿನ್ ಮಾತ್ರ ಗ್ರೌಂಡ್‌ಗೆ, 16, 4, 11 ಐದು ವೋಲ್ಟ್‌ಗೆ. 1000ಕ್ಕೆ 1101 ಕೂಡಿದರೆ 10101. ಎಡತುದಿಯ 1 ಕ್ಯಾರಿಯಾಗಿ 14ನೇ ಪಿನ್‌ಗೆ ಬರುತ್ತದೆ, ಅದನ್ನು ಬಿಟ್ಟುಬಿಡಿ. ಉಳಿದ 0101 ನಮ್ಮ ಐದು. ಬೇರೆ ಯಾವ ಸ್ಥಿರ ಸಂಖ್ಯೆ ಕೂಡಿಸಬೇಕಿದ್ದರೂ ಬದಲಾಗುವುದು ಆ ನಾಲ್ಕು ವೈರ್‌ಗಳಷ್ಟೇ.

ಒಂದು ಮಿತಿ ನೆನಪಿರಲಿ. ಇನ್‌ಪುಟ್ 9 ದಾಟಿದೆ ಎಂದು ಈ ಐಸಿ ಹೇಳುವುದಿಲ್ಲ. 1010 ಕೊಟ್ಟರೂ ಸುಮ್ಮನೆ 1101 ತೋರಿಸುತ್ತದೆ, ಅದು ಎಕ್ಸೆಸ್-3ರಲ್ಲಿ ಇಲ್ಲದ ಕೋಡ್. ರೆಕಾರ್ಡ್ ಬರೆಯುವಾಗ ಟೇಬಲ್ಲನ್ನು 9ಕ್ಕೇ ನಿಲ್ಲಿಸಿ.