ಮೈನಸ್ ಬಿದ್ದ ವಾರದ ಲೆಕ್ಕ

ದೀಪಾವಳಿ ಮುಗಿದ ಮೇಲಿನ ಎರಡು ಮೂರು ವಾರ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಲಿಂಗಸುಗೂರಿನಲ್ಲಿ ಕೂತು ಇಳಕಲ್ ಸೀರೆ ಆನ್‌ಲೈನಿನಲ್ಲಿ ಮಾರುವವಳು ನಾನು. ಇದೇ ವ್ಯಾಪಾರಕ್ಕೆ ಹೊಸದಾಗಿ ಇಳಿದ ಸುತ್ತಲಿನ ಹುಡುಗಿಯರು ಸಂಶಯ ಬಂದಾಗ ಕೇಳುತ್ತಾರೆ. ಮಸ್ಕಿಯವಳೊಬ್ಬಳು ಹೇಳಿದ್ದು ಹೀಗೆ: "ಅಕ್ಕಾ, ಈ ವಾರ ನಾಕು ಸೀರಿ ಹೋಗ್ಯಾವ. ಬ್ಯಾಂಕಿಗೆ ಒಂದು ರೂಪಾಯಿ ಬಂದಿಲ್ಲ. ಮ್ಯಾಲ ನಾವ ಕೊಡಬೇಕು ಅಂತ ತೋರಸ್ತದ."

ಅವಳ ಪರದೆಯ ಮೇಲೆ ಇದ್ದದ್ದು ಮೈನಸ್ 2,914 ರೂಪಾಯಿ. ಇದು ಮೋಸವೋ ಲೆಕ್ಕವೋ ಎಂದು ತಿಳಿಯಲು ಮೊಬೈಲ್ ಆ್ಯಪಿನ ಮೊದಲ ಪುಟ ಸಾಲದು. ಅಲ್ಲಿ ಒಟ್ಟು ಮೊತ್ತ ಮಾತ್ರ ಇರುತ್ತದೆ. ಪೇಮೆಂಟ್ ವಿಭಾಗಕ್ಕೆ ಹೋಗಿ ಆ ಅವಧಿಯ ಸೆಟಲ್‌ಮೆಂಟ್ ವರದಿಯನ್ನು ಎಕ್ಸೆಲ್ ಫೈಲಾಗಿ ಇಳಿಸಿಕೊಂಡು, ಆರ್ಡರ್ ನಂಬರಿನ ಪ್ರಕಾರ ಜೋಡಿಸಿ ನೋಡಬೇಕು. ನಾವಿಬ್ಬರೂ ಹಾಗೇ ಮಾಡಿದೆವು.

ಮೊದಲು ಹೋದ ಸೀರೆಯ ಸಾಲು. ಬೆಲೆ 2,100 ರೂಪಾಯಿ. ಅಂದರೆ ಸೀರೆಗೆ 2,000, ಶೇ. 5ರ ಜಿಎಸ್‌ಟಿ 100. ಇದರಲ್ಲಿ ಕಮಿಷನ್ 200, ಕೊರಿಯರ್ 100, ಈ ಎರಡರ ಮೇಲೆ ಶೇ. 18ರ ಜಿಎಸ್‌ಟಿ 54 ಕಡಿತವಾಗಿತ್ತು. ಆಮೇಲೆ ಎರಡು ಸಣ್ಣ ಸಾಲುಗಳು: ಜಿಎಸ್‌ಟಿ ಕಾಯ್ದೆಯ ಪ್ರಕಾರ ಮಾರುಕಟ್ಟೆಯವರು ಹಿಡಿಯುವ ಟಿಸಿಎಸ್ 10 ರೂಪಾಯಿ, ಆದಾಯ ತೆರಿಗೆಯ ಟಿಡಿಎಸ್ 2 ರೂಪಾಯಿ. ಟಿಸಿಎಸ್ ದರ ಮೊದಲು ಶೇ. 1 ಇತ್ತು, 2024ರ ಜುಲೈಯಿಂದ ಅರ್ಧಕ್ಕಿಳಿಯಿತು. ಟಿಡಿಎಸ್ ಅದೇ ವರ್ಷದ ಅಕ್ಟೋಬರಿನಿಂದ ಶೇ. 0.1. ಎಲ್ಲ ಕಳೆದು ಒಂದು ಸೀರೆಗೆ ಕೈಗೆ ಬರಬೇಕಾದದ್ದು 1,734. ನಾಲ್ಕಕ್ಕೆ 6,936.

ಅದೇ ವಾರ ಐದು ಸೀರೆ ವಾಪಸ್ ಬಂದಿದ್ದವು. ವಾಪಸಿನ ಸಾಲನ್ನು ನಿಧಾನವಾಗಿ ಓದಬೇಕು. ಗಿರಾಕಿಗೆ ಮರಳಿಸಿದ 2,100 ನಮ್ಮ ಖಾತೆಯಿಂದ ಹೋಗುತ್ತದೆ. ಕಮಿಷನ್ 200 ಮತ್ತು ಅದರ ಜಿಎಸ್‌ಟಿ 36 ತಿರುಗಿ ಬರುತ್ತವೆ, ಟಿಸಿಎಸ್ ಟಿಡಿಎಸ್‌ನ 12 ಕೂಡ ಬರುತ್ತದೆ. ಆದರೆ ಹೋಗುವಾಗಿನ ಕೊರಿಯರ್ ಖರ್ಚು ತಿರುಗಿ ಬರುವುದಿಲ್ಲ. ಅದರ ಮೇಲೆ ವಾಪಸ್ ತರುವ ಕೊರಿಯರಿಗೆ ಇನ್ನೊಂದು 100, ಅದಕ್ಕೆ ಜಿಎಸ್‌ಟಿ 18. ಕೂಡಿ ಕಳೆದರೆ ಒಂದು ವಾಪಸಿಗೆ 1,970 ರೂಪಾಯಿ ಕಡಿತ. ಐದಕ್ಕೆ 9,850. ಬಂದ 6,936ರಲ್ಲಿ ಅದನ್ನು ಕಳೆದರೆ ಮೈನಸ್ 2,914. ಲೆಕ್ಕ ಕೂಡಿತು.

ಇಷ್ಟಾದ ಮೇಲೂ ಅವಳ ದನಿ ಸಪ್ಪಗೇ ಇತ್ತು. ಹತ್ತು ಸಾವಿರದ ಹತ್ತಿರ ಹೋಯಿತಲ್ಲ ಎನ್ನುವ ಸಂಕಟ. ಆಗ ವಾಪಸ್ ಬಂದ ಐದೂ ಆರ್ಡರುಗಳ ತಾರೀಖು ನೋಡು ಅಂದೆ. ಐದೂ ಹಬ್ಬದ ಮುಂಚಿನವು. ಆ ಐದು ಸೀರೆಗಳ ರೊಕ್ಕ, 8,670 ರೂಪಾಯಿ, ಅವಳ ಬ್ಯಾಂಕಿಗೆ ಆಗಲೇ ಬಂದಾಗಿತ್ತು; ಅದರಲ್ಲೇ ನೇಕಾರರ ಉದ್ರಿ ತೀರಿಸಿದ್ದಳು. ಈಗ ಕಡಿತವಾದ 9,850ರಲ್ಲಿ ಅಷ್ಟು ಆ ಹಳೆಯ ರೊಕ್ಕ. ನಿಜವಾಗಿ ಕಳೆದುಕೊಂಡದ್ದು ಉಳಿದ 1,180, ಸೀರೆಗೆ 236ರಂತೆ. ಅದರಲ್ಲೂ ಕೊರಿಯರ್ ಮೇಲಿನ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದಾದ್ದರಿಂದ ಸೀರೆಗೆ 200 ರೂಪಾಯಿ ನಷ್ಟ. ಸೀರೆ ಚೆನ್ನಾಗಿಯೇ ಮರಳಿ ಬಂದಿದ್ದರೆ ಅದು ಕಪಾಟಿನಲ್ಲಿದೆ, ಮತ್ತೆ ಮಾರಬಹುದು.

ಹಬ್ಬದ ನಂತರವೇ ಮೈನಸ್ ಬೀಳಲು ಕಾರಣವೂ ಇದೇ. ಮಾರಾಟ ಹಬ್ಬಕ್ಕೆ ಮುಂಚೆ ಏರುತ್ತದೆ, ಅದರ ವಾಪಸ್ ಮಾರಾಟ ಇಳಿದ ಮೇಲೆ ಬರುತ್ತದೆ. ಹಾಗಾಗಿ ನಾನು ಹಬ್ಬದ ಪೇಮೆಂಟಿನಲ್ಲಿ ಒಂದು ಪಾಲನ್ನು ವಾಪಸಿನ ಅವಧಿ ಮುಗಿಯುವವರೆಗೆ ಮುಟ್ಟುವುದಿಲ್ಲ. ಸಿಂಧನೂರಿನ ಕಡೆ ಭತ್ತದ ರೊಕ್ಕ ಬಂದ ಕೂಡಲೇ ಗೊಬ್ಬರದ ಅಂಗಡಿಯ ಬಾಕಿಗೆ ಹೋಗುವಂತೆ ನಮ್ಮಲ್ಲೂ ಸೀರೆಯ ರೊಕ್ಕ ಬಂದ ದಿನವೇ ಖಾಲಿಯಾಗುತ್ತದೆ. ಅದಕ್ಕೆ ನೇಕಾರರ ಹತ್ತಿರ ಮೊದಲೇ ಮಾತಾಡಿ, ಹಬ್ಬದ ಮಾಲಿಗೆ ಎರಡು ಕಂತು ಕೇಳಿಕೊಳ್ಳುತ್ತೇನೆ.

ಮೈನಸ್ ಬೇರೆ, ಹಿಡಿದಿಟ್ಟ ರೊಕ್ಕ ಬೇರೆ. ವರದಿಯಲ್ಲಿ ರಿಸರ್ವ್ ಎಂಬ ಸಾಲು ಇದ್ದರೆ, ತಲುಪಿದ ಸೀರೆಯ ಹಣವನ್ನೇ ವಾಪಸ್ ಬಂದರೆ ಇರಲಿ ಎಂದು ಕೆಲ ದಿನ ತಡೆದಿದ್ದಾರೆ ಎಂದರ್ಥ. ಅದು ನಮ್ಮದೇ ಹಣ, ಮುಂದೆ ಬರಬೇಕು. ಬಂತೋ ಇಲ್ಲವೋ ಎಂದು ಪರೀಕ್ಷಿಸುವುದು ಸುಲಭ: ಈ ವರದಿಯ ಕೊನೆಯಲ್ಲಿ ರಿಸರ್ವ್ ಎಂದು ಕಳೆದ ಮೊತ್ತವೇ ಮುಂದಿನ ವರದಿಯ ಆರಂಭದಲ್ಲಿ ಹಿಂದಿನ ರಿಸರ್ವ್ ಎಂದು ಕೂಡಬೇಕು. ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಕೇಳಬೇಕು. ಹಣ ನಿಲ್ಲಲು ಬ್ಯಾಂಕ್ ಖಾತೆಯ ಹೆಸರಿನ ಗೊಂದಲ, ಜಿಎಸ್‌ಟಿ ನೋಂದಣಿಯ ತೊಡಕು ಕೂಡ ಕಾರಣವಾಗಬಹುದು; ಆಗ ವರದಿಯಲ್ಲಿ ಹಣ ಪ್ಲಸ್ಸಿನಲ್ಲೇ ಇರುತ್ತದೆ, ಬ್ಯಾಂಕಿಗೆ ಕಳಿಸಿದ ಯುಟಿಆರ್ ನಂಬರ್ ಮಾತ್ರ ಇರುವುದಿಲ್ಲ.

ಇನ್ನು ಜಗಳ ಕಾಯಲೇಬೇಕಾದ ಜಾಗ. ನನ್ನದೇ ಒಂದು ವರದಿಯಲ್ಲಿ ಗಿರಾಕಿಗೆ ಹಣ ಮರಳಿಸಿದ ಸಾಲಿತ್ತು, ಸೀರೆ ಮಾತ್ರ ಮನೆಗೆ ಬಂದಿರಲಿಲ್ಲ. ಇನ್ನೊಂದು ಸಲ ಪಾರ್ಸೆಲ್ ಬಂತು, ಒಳಗಿನ ಸೀರೆ ನನ್ನದಲ್ಲ. ಕೈಮಗ್ಗದ ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಜಾಗದಲ್ಲಿ ಬೆರಳಾಡಿಸಿದರೆ ಸಣ್ಣ ಗಂಟಿನ ಸಾಲಿನಂತೆ ತಾಗುತ್ತದೆ. ಬಂದದ್ದರಲ್ಲಿ ಆ ಕೊಂಡಿಯೇ ಇಲ್ಲ, ಸೆರಗಿನ ತೋಪ್ ತೆನಿ ಅಚ್ಚು ಹಾಕಿದ್ದು. ವಾಪಸ್ ಪಾರ್ಸೆಲನ್ನು ಲೇಬಲ್ ಕಾಣುವಂತೆ ವಿಡಿಯೊ ಮಾಡುತ್ತಲೇ ಬಿಚ್ಚುವ ರೂಢಿ ಇತ್ತು. ಕಳಿಸುವಾಗ ಕೊಂಡಿಯ ಫೋಟೊ ತೆಗೆದಿಡುವುದೂ ಇತ್ತು. ಎರಡನ್ನೂ ಸೇರಿಸಿ, ಗಡುವಿನೊಳಗೆ ದೂರು ಹಾಕಿದೆ. ಮುಂದಿನ ವರದಿಯಲ್ಲಿ ಪರಿಹಾರದ ಸಾಲು ಬಂತು. ದೂರಿನಲ್ಲಿ "ನನ್ನ ಹಣ ಹಿಡಿದಿದ್ದೀರಿ" ಎಂದು ಬರೆದರೆ ಸಿದ್ಧ ಉತ್ತರ ಬರುತ್ತದೆ. ಆರ್ಡರ್ ನಂಬರ್, ವಾಪಸ್ ಪಾರ್ಸೆಲಿನ ಟ್ರ್ಯಾಕಿಂಗ್ ನಂಬರ್, ಕಡಿತವಾದ ತಾರೀಖು, ಮೊತ್ತ, ಇಷ್ಟನ್ನೇ ಬರೆಯಬೇಕು. ಗಡುವು ಒಂದೊಂದು ಮಾರುಕಟ್ಟೆಗೆ ಒಂದೊಂದು, ಕೆಲವೇ ದಿನಗಳದ್ದು. ಅದಕ್ಕೇ ವರದಿಯನ್ನು ತಿಂಗಳಿಗೊಮ್ಮೆ ಓದಿದರೆ ಉಪಯೋಗವಿಲ್ಲ.

ಬಾಗಿಲಲ್ಲೇ ಬೇಡ ಎಂದು ತಿರುಗಿಸಿದ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ಬೇರೆ ಜಾತಿಯದು. ಅದಕ್ಕೆ ಆರ್‌ಟಿಒ ಎಂದು ಬರೆದಿರುತ್ತಾರೆ. ಹಲವು ಮಾರುಕಟ್ಟೆಗಳಲ್ಲಿ ಅದಕ್ಕೆ ವಾಪಸ್ ಕೊರಿಯರ್ ಖರ್ಚು ಮಾರುವವರ ಮೇಲೆ ಬರುವುದಿಲ್ಲ. ಮಸ್ಕಿಯವಳ ಹಿಂದಿನ ಒಂದು ವರದಿಯಲ್ಲಿ ಅಂಥ ಆರ್ಡರನ್ನು ಗಿರಾಕಿಯ ವಾಪಸ್ ಎಂದು ಬರೆದು 118 ಕಡಿತ ಮಾಡಿದ್ದರು. ಅವಳ ಮಾರುಕಟ್ಟೆಯ ದರಪಟ್ಟಿಯಲ್ಲಿ ಆರ್‌ಟಿಒಗೆ ಖರ್ಚಿಲ್ಲ ಎಂದೇ ಇತ್ತು. ಕೇಳಿದ ಮೇಲೆ ತಿರುಗಿ ಬಂತು.

ತೆರಿಗೆಯ ವಿಷಯದಲ್ಲಿ ಸಿಂಧನೂರಿನ ನಮ್ಮ ಟ್ಯಾಕ್ಸ್ ಕನ್ಸಲ್ಟಂಟ್ ಪದೇ ಪದೇ ಹೇಳುವುದಿದೆ: "ಬ್ಯಾಂಕಿಗೆ ಬಂದದ್ದನ್ನ ಮಾರಾಟ ಅಂತ ತೋರಿಸಬ್ಯಾಡ್ರಿ ಮೇಡಂ." ರಿಟರ್ನಿನಲ್ಲಿ ಪೂರ್ತಿ ಮಾರಾಟ ತೋರಿಸಿ, ವಾಪಸಿಗೆ ಕ್ರೆಡಿಟ್ ನೋಟ್ ಕೊಡಬೇಕು. ಹಿಡಿದ ಟಿಸಿಎಸ್ ತಾನಾಗಿ ಕೈಗೆ ಬರುವುದಿಲ್ಲ. ಜಿಎಸ್‌ಟಿ ಪೋರ್ಟಲಿನಲ್ಲಿ TDS and TCS Credit Received ತೆರೆದು ಒಪ್ಪಿಕೊಂಡರೆ ಕ್ಯಾಶ್ ಲೆಡ್ಜರಿಗೆ ಬೀಳುತ್ತದೆ. ಮಸ್ಕಿಯವಳು ಅದನ್ನು ಒಮ್ಮೆಯೂ ತೆರೆದಿರಲಿಲ್ಲ.

ಕೊನೆಗೆ ಬೆಲೆಯ ಲೆಕ್ಕ ಹಾಕಿದೆವು. ಅವಳ ಐದು ಸೀರೆಯಲ್ಲಿ ಒಂದು ತಿರುಗಿ ಬರುತ್ತಿತ್ತು. ಆ ಒಂದರ 200ನ್ನು ಉಳಿದ ನಾಲ್ಕು ಹೊರಬೇಕು, ಅಂದರೆ ಪ್ರತಿ ಸೀರೆಯ ಲಾಭದಿಂದ 50 ರೂಪಾಯಿ. ವಾಪಸಿನ ಕಾರಣಗಳಲ್ಲಿ ಹೆಚ್ಚಿನವು "ಬಣ್ಣ ಬೇರೆ ಇದೆ" ಎಂದಿದ್ದವು. ಅವಳು ಫೋಟೊ ತೆಗೆಯುತ್ತಿದ್ದುದು ರಾತ್ರಿ, ಟ್ಯೂಬ್‌ಲೈಟಿನ ಕೆಳಗೆ. ಈಗ ಬೆಳಿಗ್ಗೆ ಮಾಳಿಗೆಯ ಮೇಲೆ ನೆರಳಿನಲ್ಲಿ ತೆಗೆಯುತ್ತಾಳೆ. ಮೈನಸ್ 2,914 ಮುಂದಿನ ಎರಡು ಸೀರೆಗೆ ತೀರಿ, 554 ಉಳಿಯಿತು.