ಪ್ರೊಫೈಲಿನಲ್ಲಿ ‘ಎಲ್ಲಾ ಕೆಲಸ’ ಬೇಡ

ನಿನ್ನ ಪ್ರೊಫೈಲ್ ಓದಿದೆನಪ್ಪಾ. ‘ಎಲ್ಲಾ ರೀತಿಯ ಎಲೆಕ್ಟ್ರಿಕಲ್ ಕೆಲಸ ಮಾಡಿಕೊಡಲಾಗುವುದು. ಹತ್ತು ವರ್ಷ ಅನುಭವ. ನಂಬಿಕಸ್ಥ.’ ಆಪ್ ತೆರೆದು ನೋಡು, ನಿನ್ನ ಮೇಲಿರುವವನೂ ಇದನ್ನೇ ಬರೆದಿದ್ದಾನೆ, ಕೆಳಗಿರುವವನೂ ಇದನ್ನೇ ಬರೆದಿದ್ದಾನೆ. ಮೂವರಲ್ಲಿ ಯಾರನ್ನು ಕರೆಯಬೇಕೆಂದು ಮನೆಯವರಿಗೆ ಗೊತ್ತಾಗುವುದಾದರೂ ಹೇಗೆ? ಕೊನೆಗೆ ಯಾರ ರೇಟು ಕಡಿಮೆಯೋ ಅವನನ್ನು ಕರೆಯುತ್ತಾರೆ.

ಆಪ್ ತೆರೆಯುವವರು ಎಲೆಕ್ಟ್ರಿಷಿಯನ್‌ನನ್ನು ಹುಡುಕಿಕೊಂಡು ಬಂದಿರುವುದಿಲ್ಲ, ತಮ್ಮ ಮನೆಯಲ್ಲಿ ಏನೋ ಕೆಟ್ಟಿದೆ ಎಂದು ಬಂದಿರುತ್ತಾರೆ. ಆ ಕೆಟ್ಟದ್ದರ ಹೆಸರು ನಿನ್ನ ಪ್ರೊಫೈಲಿನಲ್ಲಿ ಕಣ್ಣಿಗೆ ಬಿದ್ದರೆ ಕೈ ಅಲ್ಲಿ ನಿಲ್ಲುತ್ತದೆ. ನಿನಗೆ ಚೆನ್ನಾಗಿ ಬರುವ ಒಂದು ಕೆಲಸವನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನಲ್ಲಿ ಎಷ್ಟೋ ಮನೆಗಳಿಗೆ ವೈರಿಂಗ್ ಮುಗಿದು ವರ್ಷಗಳಾದ ಮೇಲೆ ಇನ್ವರ್ಟರ್ ಬರುತ್ತದೆ. ಅದು ಬಂದ ದಿನದಿಂದ ಆರ್‌ಸಿಸಿಬಿ ಟ್ರಿಪ್ ಆಗತೊಡಗುತ್ತದೆ. ಮನೆಯವರು ಫ್ರಿಜ್ ಮೇಲೆ, ಗೀಸರ್ ಮೇಲೆ ಅನುಮಾನಪಟ್ಟು ಒಂದೊಂದಾಗಿ ಪ್ಲಗ್ ಕಿತ್ತು ನೋಡುತ್ತಾರೆ, ಆದರೂ ಬೀಳುತ್ತದೆ. ಹಾಲ್‌ನ ಫ್ಯಾನ್ ಹಾಕಿದ ಕೂಡಲೇ ಮತ್ತೆ ಟ್ರಿಪ್.

ಕಾರಣ ನಿನಗೆ ಗೊತ್ತು. ಫೇಸ್‌ನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿದೆಯೇ ಎಂದು ಆರ್‌ಸಿಸಿಬಿ ಸದಾ ನೋಡುತ್ತಿರುತ್ತದೆ. ಮನೆಗಳಲ್ಲಿ ಹಾಕುವ 30 ಮಿಲಿಆಂಪಿಯರ್‌ನದಾದರೆ, ಅಷ್ಟು ವ್ಯತ್ಯಾಸ ಬರುವಷ್ಟರಲ್ಲಿ ಕಟ್ ಮಾಡುತ್ತದೆ. ಇನ್ವರ್ಟರ್ ಹಾಕಿದವನು ಅವಸರದಲ್ಲಿ ಫೇಸನ್ನು ಆರ್‌ಸಿಸಿಬಿ ದಾಟಿದ ಕಡೆಯಿಂದ ತೆಗೆದು, ನ್ಯೂಟ್ರಲನ್ನು ಅದರ ಹಿಂದಿನ ಕಡೆಗೆ ಸೇರಿಸಿಬಿಟ್ಟಿರುತ್ತಾನೆ. ಒಂದು 70 ವ್ಯಾಟ್ ಫ್ಯಾನ್ ಎಳೆಯುವುದೇ ಸುಮಾರು 300 ಮಿಲಿಆಂಪಿಯರ್. ಅದಷ್ಟೂ ಬೇರೆ ದಾರಿಯಲ್ಲಿ ವಾಪಸಾದರೆ ಆರ್‌ಸಿಸಿಬಿ ನಿಲ್ಲುವುದುಂಟೇ? ಮೆಗ್ಗರ್ ಹಿಡಿದರೆ ಇನ್ಸುಲೇಷನ್ ಸರಿಯಾಗಿಯೇ ಇರುತ್ತದೆ, ಬೀಳುವುದು ಮಾತ್ರ ಇನ್ವರ್ಟರ್ ಲೈನಿನ ಯಾವ ಸ್ವಿಚ್ ಹಾಕಿದರೂ ಬೀಳುತ್ತದೆ. ಇನ್ವರ್ಟರ್ ಲೈನಿನ ನ್ಯೂಟ್ರಲನ್ನು ಬೇರ್ಪಡಿಸಿ ಅದರ ಜಾಗಕ್ಕೆ ತರಬೇಕು. ಡಿಬಿಯಲ್ಲಿ ವೈರು ಹುಡುಕುವುದಕ್ಕೇ ಅರ್ಧ ದಿನ ಹಿಡಿದರೂ ಹಿಡಿಯಿತು. ಕೆಲವರು ಹತ್ತು ನಿಮಿಷದಲ್ಲಿ ಆರ್‌ಸಿಸಿಬಿಯನ್ನೇ ಬಿಚ್ಚಿ ನೇರ ಜೋಡಿಸಿ ದುಡ್ಡು ಇಸಕೊಂಡು ಹೋಗುತ್ತಾರೆ. ಮನೆಯವರಿಗೆ ಖುಷಿಯೋ ಖುಷಿ, ಗೀಸರಿನಿಂದ ಶಾಕ್ ಹೊಡೆಯುವ ತನಕ.

ಹಾಗಾಗಿ ನಿನ್ನ ಪ್ರೊಫೈಲಿನಲ್ಲಿ ಹೀಗೆ ಬರಿ: ‘ಇನ್ವರ್ಟರ್ ಹಾಕಿದ ಮೇಲೆ ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ ನ್ಯೂಟ್ರಲ್ ಹುಡುಕಿ ಸರಿಮಾಡುತ್ತೇನೆ. ಎರಡು ಗಂಟೆಯಿಂದ ಅರ್ಧ ದಿನ ಬೇಕಾಗಬಹುದು. ಆರ್‌ಸಿಸಿಬಿ ತೆಗೆದು ನೇರ ಕನೆಕ್ಷನ್ ಕೊಡುವುದಿಲ್ಲ.’ ಆ ಕೊನೆಯ ವಾಕ್ಯದಿಂದ ಒಬ್ಬಿಬ್ಬರು ಗಿರಾಕಿ ತಪ್ಪಿಹೋದಾರು, ಹೋಗಲಿ ಬಿಡು. ‘ನಂಬಿಕಸ್ಥ’ ಎಂದು ನೀನೇ ಬರೆದುಕೊಂಡದ್ದಕ್ಕಿಂತ ಏನು ಮಾಡುವುದಿಲ್ಲ ಎಂದು ಬರೆದದ್ದನ್ನು ಜನ ಹೆಚ್ಚು ನಂಬುತ್ತಾರೆ.

‘ಹತ್ತು ವರ್ಷ’ವನ್ನೂ ಬಿಡಿಸಿ ಹೇಳು. ನಿನ್ನ ಮೊದಲ ನಾಲ್ಕು ವರ್ಷ ಅಪಾರ್ಟ್‌ಮೆಂಟ್ ಸೈಟುಗಳಲ್ಲಿ ಪೈಪಿನೊಳಗೆ ವೈರು ಎಳೆಯುವುದರಲ್ಲಿ ಕಳೆಯಿತು. ಅದು ಒಳ್ಳೆಯ ಕೆಲಸವೇ. ಆದರೆ ಜನ ವಾಸವಿರುವ ಮನೆಯಲ್ಲಿ ಫಾಲ್ಟ್ ಹುಡುಕುವುದೇ ಬೇರೆ ವಿದ್ಯೆ. ‘ಆರು ವರ್ಷದಿಂದ ಸ್ವಂತವಾಗಿ ಮನೆ ರಿಪೇರಿ, ಅದಕ್ಕೆ ಮೊದಲು ಹೊಸ ಕಟ್ಟಡಗಳ ವೈರಿಂಗ್’ ಎಂದರೆ ತಿಳಿದವರಿಗೆ ಅರ್ಥವಾಗುತ್ತದೆ. ಐಟಿಐ ಸರ್ಟಿಫಿಕೇಟ್ ಇರುವುದನ್ನು ಹಾಕು, ವೈರ್‌ಮನ್ ಪರ್ಮಿಟ್ ಇರುವುದನ್ನೂ ಹಾಕು. ಆದರೆ ‘ಲೈಸೆನ್ಸ್ಡ್ ಕಾಂಟ್ರಾಕ್ಟರ್’ ಎಂದು ಮಾತ್ರ ಬೇಡ. ಅದು ಬೇರೆ ಲೈಸೆನ್ಸು. ಲೋಡ್ ಹೆಚ್ಚಿಸಬೇಕು, ಬೆಸ್ಕಾಂ ಕಾಗದಕ್ಕೆ ಸಹಿ ಬೇಕು ಎಂದು ಯಾರಾದರೂ ಕರೆದರೆ ಅಲ್ಲಿ ನಿಂತು ತೊದಲಬೇಕಾಗುತ್ತದೆ.

ಇನ್ನು ಏರಿಯಾ. ವೈಟ್‌ಫೀಲ್ಡಿನಿಂದ ಕೆಂಗೇರಿಯವರೆಗೆ ಎಲ್ಲಕ್ಕೂ ಟಿಕ್ ಹಾಕಿದ್ದೀಯ! ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡು ‘ಐದೇ ನಿಮಿಷ ಸಾರ್’ ಅನ್ನುವವನಿಗೆ ಸ್ಟಾರ್ ಕೊಡುವವರು ಯಾರು? ನಿನ್ನ ಮನೆ ಜಯನಗರದ ಕಡೆ; ಬನಶಂಕರಿ, ಜೆ.ಪಿ. ನಗರ ಸೇರಿಸಿಕೋ, ಸಾಕು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ಎಂದು ಬರೆದ ಮೇಲೆ ಹತ್ತೂವರೆಗಾದರೂ ಬಾಗಿಲಲ್ಲಿರಬೇಕು. ತಡವಾಗುವಂತಿದ್ದರೆ ಹೊತ್ತು ಮೀರುವ ಮೊದಲೇ ನೀನೇ ಫೋನ್ ಮಾಡು, ಅವರು ಮಾಡುವವರೆಗೆ ಕಾಯಬೇಡ.

ಫೋಟೋಗಳಲ್ಲಿ ನಿನ್ನ ಬೈಕು ಬೇಡ. ನೀನು ಸರಿಮಾಡಿದ ಒಂದು ಡಿಬಿ ಸಾಕು: ವೈರುಗಳನ್ನು ಒಪ್ಪವಾಗಿ ಕಟ್ಟಿ, ಪ್ರತಿ ಎಂಸಿಬಿ ಕೆಳಗೂ ‘ಅಡುಗೆಮನೆ’, ‘ಗೀಸರ್’ ಎಂದು ಚೀಟಿ ಅಂಟಿಸಿದ್ದು. ಮನೆಯವರನ್ನು ಕೇಳಿಯೇ ತೆಗೆ, ಬಾಗಿಲ ನಂಬರು ಬೀಳದಂತೆ ನೋಡಿಕೋ.